ಆಡಳಿತ ಮಂಡಳಿಯ ಮುಂದೆ ಓದಿದ ಜಿಪ್ಸಂ ಪತ್ರ

ರೈತ ಉತ್ಪಾದಕ ಸಂಸ್ಥೆಗೆ ಸರಕು ಮಾರುವುದಕ್ಕೂ ಅಂಗಡಿಗೆ ಮಾರುವುದಕ್ಕೂ ಬಹಳ ವ್ಯತ್ಯಾಸವಿದೆ. ಅಂಗಡಿಯ ಯಜಮಾನರು ಫೋನಿನಲ್ಲೇ ದರ ಕೇಳಿ, ಸಾಲ ಎಷ್ಟು ದಿನಕ್ಕೆ ಎಂದು ವಿಚಾರಿಸಿ, ಲಾರಿ ಕಳಿಸಿ ಅನ್ನುತ್ತಾರೆ. ಸಂಸ್ಥೆಯಲ್ಲಿ ಹಾಗಾಗುವುದಿಲ್ಲ. ಅಲ್ಲಿ ಸಂಬಳಕ್ಕಿರುವ ಸಿಇಒ ಒಬ್ಬರು, ನಿರ್ಧಾರ ಮಾಡುವ ನಿರ್ದೇಶಕರು ಹತ್ತು ಹನ್ನೊಂದು ಮಂದಿ. ನಿರ್ದೇಶಕರೆಲ್ಲ ರೈತರು. ತಿಂಗಳಿಗೊಮ್ಮೆ ಸೇರುತ್ತಾರೆ, ನಡಾವಳಿ ಪುಸ್ತಕದಲ್ಲಿ ಠರಾವು ಬರೆದು ಸಹಿ ಹಾಕಿದ ಮೇಲೆಯೇ ದುಡ್ಡು ಹೊರಡುತ್ತದೆ. ಆ ದುಡ್ಡಾದರೂ ಸದಸ್ಯರು ಸಾವಿರ, ಎರಡು ಸಾವಿರ ಕೊಟ್ಟು ಕೂಡಿಸಿದ ಷೇರು ಹಣ. ಒಂದು ಲಾರಿ ಲೋಡು ಗೋದಾಮಿನಲ್ಲಿ ಕೊಳೆತರೆ ಸಂಸ್ಥೆ ಮತ್ತೆ ಎದ್ದು ನಿಲ್ಲಲು ಎರಡು ವರ್ಷ ಬೇಕು.

ನಾನು ಚಿತ್ರದುರ್ಗದಲ್ಲಿ ಕೃಷಿ ಪರಿಕರಗಳ ಸಗಟು ವ್ಯಾಪಾರದ ಒಂದು ಸಂಸ್ಥೆಯಲ್ಲಿ ಮಾರಾಟ ನೋಡಿಕೊಳ್ಳುತ್ತಿದ್ದೆ. 2020ರಲ್ಲಿ ಕೇಂದ್ರ ಸರ್ಕಾರ ದೇಶದಲ್ಲಿ 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆ ತಂದ ಮೇಲೆ ನಮ್ಮ ಸುತ್ತಲೂ ಹೊಸ ಸಂಸ್ಥೆಗಳು ಹುಟ್ಟಿಕೊಂಡವು. ನಮ್ಮ ಕಚೇರಿಯಿಂದ ಅವಕ್ಕೆಲ್ಲ ಒಂದೇ ಇಮೇಲ್ ಹೋಗುತ್ತಿತ್ತು. ಇಂಗ್ಲಿಷಿನ ನಾಲ್ಕು ಸಾಲು, ಜೊತೆಗೆ ಎಲ್ಲ ಸರಕಿನ ಬಣ್ಣದ ಪಟ್ಟಿ. ಕೀಟನಾಶಕ ಮಾರುವ ಪರವಾನಗಿಯೇ ಇಲ್ಲದ ಸಂಸ್ಥೆಗೂ ಅದರಲ್ಲಿ ಇಪ್ಪತ್ತು ಬಗೆಯ ಔಷಧಿಯ ದರ ಇರುತ್ತಿತ್ತು. ಯಾರೂ ಉತ್ತರ ಬರೆಯುತ್ತಿರಲಿಲ್ಲ.

2023ರ ಬೇಸಿಗೆಯಲ್ಲಿ ಚಳ್ಳಕೆರೆ ತಾಲ್ಲೂಕಿನ ಒಂದು ಸಂಸ್ಥೆಗೆ ಹೋಗಿದ್ದೆ. ಅಲ್ಲಿನ ಸಿಇಒ ಕೃಷಿ ಡಿಪ್ಲೊಮಾ ಮುಗಿಸಿದ ಹೆಣ್ಣುಮಗಳು. ನಮ್ಮ ಪಟ್ಟಿಯನ್ನು ಮೊಬೈಲಿನಲ್ಲಿ ತೆರೆದು ತೋರಿಸಿ, "ಸಾರ್, ಮೀಟಿಂಗ್‌ನಲ್ಲಿ ನಾನು ಪತ್ರ ಓದ್ತೀನಿ, ಅವರು ಕೇಳ್ತಾರೆ. ಇದನ್ನ ಹೆಂಗೆ ಓದ್ಲಿ ಹೇಳಿ? ಓದಿದ ಮೇಲೆ ಅವರು ಕೇಳೋ ಪ್ರಶ್ನೆಗೆ ಇದರಲ್ಲಿ ಉತ್ತರ ಎಲ್ಲಿದೆ?" ಅಂದರು. ಏನು ಕೇಳುತ್ತಾರೆ ಎಂದೆ. ಬೆರಳು ಮಡಚುತ್ತಾ ಹೇಳಿದರು: ನಮ್ಮ ಗೋದಾಮಿಗೆ ಬಂದು ಬಿದ್ದಾಗ ಚೀಲ ಎಷ್ಟು, ಹಾಕದಿದ್ದರೆ ಏನಾಗುತ್ತೆ, ಮಾಲು ಅಸಲಿಯೋ ಅಲ್ಲವೋ ಹೇಗೆ ಗೊತ್ತಾಗುತ್ತೆ, ಮಳೆ ಬಾರದಿದ್ದರೆ ಯಾರ ಗತಿ ಏನು. ಆ ಊರಿಗೆ ಬರೆಯುವ ಪತ್ರಕ್ಕೆ ಈ ನಾಲ್ಕೇ ವಿಷಯ ಸಾಕು ಎಂದು ನನಗೆ ಅಲ್ಲಿಯೇ ಖಚಿತವಾಯಿತು. ಸರಕೂ ಒಂದೇ ಇರಬೇಕು. ಚಳ್ಳಕೆರೆ ಶೇಂಗಾದ ಸೀಮೆ, ಎಣ್ಣೆ ಗಿರಣಿಗಳ ಊರು. ಅಲ್ಲಿನ ಕೆಂಪು ಮರಳು ಮಿಶ್ರಿತ ಜಮೀನಿಗೆ ನಾನು ಧೈರ್ಯವಾಗಿ ಮಾರಬಹುದಾದದ್ದು ಜಿಪ್ಸಂ.

ಶೇಂಗಾಕ್ಕೆ ಜಿಪ್ಸಂ ಯಾಕೆ ಬೇಕು ಎಂಬುದನ್ನು ಪತ್ರದಲ್ಲಿ ಕೆಲವೇ ಸಾಲಿನಲ್ಲಿ ಹೇಳಿದ್ದೆ. ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಗಿಡದೊಳಗೆ ನೀರಿನ ಜೊತೆ ಬೇರಿನಿಂದ ಮೇಲಕ್ಕೆ ಹೋಗುತ್ತದೆ. ಎಲೆ ಬಿಸಿಲಿಗೆ ನೀರನ್ನು ಆವಿ ಮಾಡುತ್ತಿರುವುದರಿಂದ ಆ ಎಳೆತ ಇರುತ್ತದೆ. ಎಲೆ ಸೇರಿದ ಕ್ಯಾಲ್ಸಿಯಂ ಮತ್ತೆ ಕೆಳಗಿಳಿಯುವುದಿಲ್ಲ. ಶೇಂಗಾದ ಹೂವು ಫಲಿಸಿದ ಮೇಲೆ ಅದರ ಬುಡದಿಂದ ಒಂದು ಸೂಜಿ ಇಳಿದು ಮಣ್ಣಿಗೆ ಹೊಕ್ಕು, ತುದಿಯಲ್ಲಿ ಕಾಯಿ ಕಟ್ಟುತ್ತದೆ. ಮಣ್ಣೊಳಗಿನ ಕಾಯಿಯಿಂದ ನೀರು ಆವಿಯಾಗುವುದಿಲ್ಲ. ಹಾಗಾಗಿ ಬೇರು ಎಷ್ಟೇ ಕ್ಯಾಲ್ಸಿಯಂ ಎತ್ತಿದರೂ ಕಾಯಿಗೆ ಅದರ ಪಾಲು ತೀರಾ ಕಡಿಮೆ. ತನ್ನ ಸುತ್ತಲಿನ ಎರಡು ಮೂರು ಅಂಗುಲದ ಮಣ್ಣಿನಿಂದ ಕಾಯಿಯೇ ನೇರವಾಗಿ ಸಿಪ್ಪೆಯ ಮೂಲಕ ಹೀರಿಕೊಳ್ಳಬೇಕು. ಅಲ್ಲಿ ಇಲ್ಲದಿದ್ದರೆ ಸಿಪ್ಪೆ ಬೆಳೆಯುತ್ತದೆ, ಒಳಗೆ ಕಾಳು ಕೂರುವುದಿಲ್ಲ. ಗಿಡ ಹಸಿರಾಗಿ ಸೊಂಪಾಗಿಯೇ ಇರುತ್ತದೆ, ಕಿತ್ತಾಗ ಮಾತ್ರ ಜೊಳ್ಳು ಕಾಯಿ ಕೈಗೆ ಬರುತ್ತದೆ. ಜೊಳ್ಳಿಗೆ ಬರವೂ ಕಾರಣ, ರೋಗವೂ ಕಾರಣ. ಆದರೆ ನೀರು ಸಾಕಷ್ಟು ಸಿಕ್ಕ ಹೊಲದಲ್ಲೂ ಜೊಳ್ಳು ಹೆಚ್ಚಿದ್ದು, ಕಾಳು ಸೀಳಿದಾಗ ಒಳಗಿನ ಮೊಳಕೆಯ ಕುಡಿ ಕಪ್ಪಾಗಿದ್ದರೆ ಕ್ಯಾಲ್ಸಿಯಂ ಕೊರತೆ ಎಂದು ಹೇಳಬಹುದು.

ಹಿರಿಯ ನಿರ್ದೇಶಕರೊಬ್ಬರು ಸಭೆಗೆ ಮೊದಲೇ ನನ್ನನ್ನು ಕೇಳಿದ್ದರು: "ನಮ್ಮಪ್ಪ ಯಾವ ಜಿಪ್ಸಂ ಹಾಕಿದ್ದ? ಅವಾಗ ಕಾಯಿ ಗಟ್ಟಿ ಇರ್ತಿರಲಿಲ್ವಾ?" ಈ ಪ್ರಶ್ನೆಯನ್ನು ನಾನು ಪತ್ರದೊಳಕ್ಕೇ ತಂದುಕೊಂಡೆ, ಏಕೆಂದರೆ ಅದಕ್ಕೆ ಸರಿಯಾದ ಉತ್ತರವಿದೆ. ಹಿಂದೆ ರಂಜಕಕ್ಕೆಂದು ಹಾಕುತ್ತಿದ್ದುದು ಸೂಪರ್ ಫಾಸ್ಫೇಟ್. ಅದರಲ್ಲಿ ರಂಜಕ ನೂರಕ್ಕೆ 16 ಪಾಲು ಇದ್ದರೆ, ಕ್ಯಾಲ್ಸಿಯಂ ಸುಮಾರು 20, ಗಂಧಕ 11 ಪಾಲು ಜೊತೆಗೇ ಬರುತ್ತಿತ್ತು. ಮಳೆಯಾಶ್ರಿತ ಶೇಂಗಾಕ್ಕೆ ಎಕರೆಗೆ 20 ಕೆಜಿ ರಂಜಕ ಎಂಬ ಶಿಫಾರಸನ್ನು ಸೂಪರ್ ಫಾಸ್ಫೇಟಿನಲ್ಲಿ ಕೊಟ್ಟರೆ ಎರಡೂವರೆ ಚೀಲ ಬೇಕು, ಡಿಎಪಿಯಲ್ಲಿ ಕೊಟ್ಟರೆ ಒಂದು ಚೀಲದೊಳಗೆ ಮುಗಿಯುತ್ತದೆ. ಹೊರುವುದು ಸುಲಭ, ಹಾಕುವುದು ಸುಲಭ ಎಂದು ಊರಿಗೆ ಊರೇ ಡಿಎಪಿಗೆ ಹೊರಳಿತು. ಡಿಎಪಿಯಲ್ಲಿ ಸಾರಜನಕ ಮತ್ತು ರಂಜಕ ಬಿಟ್ಟರೆ ಕ್ಯಾಲ್ಸಿಯಂ ಇಲ್ಲ, ಗಂಧಕವೂ ಇಲ್ಲ. ಕೊಟ್ಟಿಗೆ ಗೊಬ್ಬರವೂ ಕಡಿಮೆಯಾಯಿತು. ಅಪ್ಪನ ಕಾಲದಲ್ಲಿ ಹೊಲಕ್ಕೆ ಹೋಗುತ್ತಿದ್ದ ಕ್ಯಾಲ್ಸಿಯಂ ಹೀಗೆ ಸದ್ದಿಲ್ಲದೆ ನಿಂತುಹೋಗಿತ್ತು.

ಈ ಉತ್ತರ ಬರೆದ ಮೇಲೆ ಅದರ ಮುಂದಿನ ಮಾತನ್ನೂ ಬರೆಯಲೇಬೇಕು. ಇಂದಿಗೂ ಎರಡೂವರೆ ಚೀಲ ಸೂಪರ್ ಫಾಸ್ಫೇಟ್ ಹಾಕುತ್ತಿರುವ ರೈತರ ಹೊಲಕ್ಕೆ ಎಕರೆಗೆ 25 ಕೆಜಿಯಷ್ಟು ಕ್ಯಾಲ್ಸಿಯಂ ಆಗಲೇ ಹೋಗುತ್ತಿದೆ. ನಮ್ಮ ನಾಲ್ಕು ಚೀಲ ಜಿಪ್ಸಂನಲ್ಲಿ ಬರುವುದು ಸುಮಾರು 37 ಕೆಜಿ. ಅಂಥವರು ಪೂರ್ತಿ ನಾಲ್ಕು ಚೀಲ ಕೊಳ್ಳಬೇಕಾಗಿಲ್ಲ. ವೇದಾವತಿ ದಂಡೆಯ ಕಡೆ ಸುಣ್ಣಕಲ್ಲಿನ ಹರಳು ಇರುವ ಎರೆ ಜಮೀನಿನವರಿಗೂ ಲಾಭ ಕಾಣುವುದು ಅನುಮಾನ. ಇವೆರಡನ್ನೂ ಪತ್ರದಲ್ಲಿ ಬರೆದಾಗ ನಮ್ಮ ಮಾಲೀಕರು ಆ ಸಾಲುಗಳ ಕೆಳಗೆ ಗೆರೆ ಎಳೆದು, "ಕೊಳ್ಳಬೇಡಿ ಅಂತ ಬರೆಯೋಕೆ ಪತ್ರ ಯಾಕೆ?" ಎಂದು ಕೇಳಿದರು. ಆ ಹೊಲಗಳಿಗೆ ಹೋದ ಚೀಲಗಳು ಏನೂ ಮಾಡದಿದ್ದರೆ ಮುಂದಿನ ವರ್ಷ ಸಭೆಯಲ್ಲಿ ಆ ರೈತರೇ ಮೊದಲು ಮಾತಾಡುತ್ತಾರೆ, ಉಳಿದವರೂ ನಿಲ್ಲಿಸುತ್ತಾರೆ ಎಂದೆ. ಸಾಲುಗಳು ಉಳಿದವು.

ದರದ ಭಾಗಕ್ಕೆ ನಾನು ಹೆಚ್ಚು ಹೊತ್ತು ಕೊಟ್ಟೆ. ನಮ್ಮ ವ್ಯಾಪಾರದಲ್ಲಿ ಕಾರ್ಖಾನೆ ಬಾಗಿಲಿನ ದರ ಹೇಳುವುದು ರೂಢಿ. ಕೇಳಲು ಅದು ಕಡಿಮೆ ಕಾಣುತ್ತದೆ. ಜಿಪ್ಸಂನಂಥ ಅಗ್ಗದ, ಭಾರದ ಸರಕಿಗೆ ಆ ದರದಿಂದ ಕೊಳ್ಳುವವರಿಗೆ ಏನೂ ತಿಳಿಯುವುದಿಲ್ಲ. ನಾವು ತರಿಸುತ್ತಿದ್ದುದು ತಮಿಳುನಾಡಿನ ಕರಾವಳಿಯಿಂದ. ಅಲ್ಲಿ ಗೊಬ್ಬರ ತಯಾರಿಕೆಗೆಂದು ರಂಜಕಾಮ್ಲ ಮಾಡುವಾಗ ಉಳಿಯುವ ಜಿಪ್ಸಂ ಅದು. ಪತ್ರದಲ್ಲಿ ಲೆಕ್ಕವನ್ನು ಓದಿ ಹೇಳಲು ಬರುವಂತೆ ಬಿಡಿಸಿದ್ದೆ:

"50 ಕೆಜಿ ಚೀಲಕ್ಕೆ ಸರಕಿನ ದರ 120 ರೂಪಾಯಿ, ಅದರ ಮೇಲೆ ನೂರಕ್ಕೆ 5ರಂತೆ ಜಿಎಸ್‌ಟಿ 6 ರೂಪಾಯಿ. ಒಂದು ಲಾರಿಗೆ 16 ಟನ್, ಅಂದರೆ 320 ಚೀಲ. ಲಾರಿ ಬಾಡಿಗೆ 19,200 ರೂಪಾಯಿ, ಚೀಲಕ್ಕೆ 60 ಬೀಳುತ್ತದೆ. ತಮ್ಮ ಗೋದಾಮಿನ ಬಾಗಿಲಿಗೆ ಬಂದಾಗ ಚೀಲ 186 ರೂಪಾಯಿ. ಇಳಿಸುವ ಹಮಾಲಿ ತಮ್ಮದು. 320 ಚೀಲ 80 ಎಕರೆಗೆ ಸಾಕು. ಅರ್ಧ ಲಾರಿ ತರಿಸಿದರೂ ಬಾಡಿಗೆ ಹೆಚ್ಚು ಇಳಿಯುವುದಿಲ್ಲವಾದ್ದರಿಂದ, ಬೇಡಿಕೆ ಕಡಿಮೆ ಇದ್ದರೆ ಪಕ್ಕದ ಸಂಸ್ಥೆಯೊಂದಿಗೆ ಲಾರಿ ಹಂಚಿಕೊಳ್ಳುವುದು ಒಳ್ಳೆಯದು. ಎರಡು ಕಡೆ ಇಳಿಸಿಕೊಡುತ್ತೇವೆ."

ಹಮಾಲಿ ಸೇರಿ ಸಂಸ್ಥೆಗೆ ಚೀಲ 192 ಬೀಳುತ್ತಿತ್ತು. ಅವರು ಸದಸ್ಯರಿಗೆ 210ಕ್ಕೆ ಕೊಡಲು ಯೋಚಿಸಿದರು. ಎಕರೆಗೆ ನಾಲ್ಕು ಚೀಲ 840 ರೂಪಾಯಿ, ಎರಚುವ ಆಳಿಗೆ 300 ಸೇರಿಸಿದರೆ 1,140. ಆಗ ಜಾರಿಯಲ್ಲಿದ್ದ ಶೇಂಗಾದ ಬೆಂಬಲ ಬೆಲೆ ಕ್ವಿಂಟಲಿಗೆ 5,850 ರೂಪಾಯಿ. ಆ ಲೆಕ್ಕದಲ್ಲಿ ಎಕರೆಗೆ 20 ಕೆಜಿ ಗಟ್ಟಿ ಕಾಯಿ ಹೆಚ್ಚು ಬಂದರೆ ಹಾಕಿದ ದುಡ್ಡು ವಾಪಸ್ಸು. ಇಳುವರಿ ನೂರಕ್ಕೆ ಇಷ್ಟು ಏರುತ್ತದೆ ಎಂದು ಬರೆಯುವ ಬದಲು ಈ 20 ಕೆಜಿಯನ್ನಷ್ಟೇ ಬರೆದೆ. ತಮ್ಮ ಹೊಲದಲ್ಲಿ ಎಷ್ಟು ಜೊಳ್ಳು ಬರುತ್ತದೆ ಎಂಬುದು ರೈತರಿಗೇ ಗೊತ್ತು. ಇಪ್ಪತ್ತು ಕೆಜಿ ಸಿಗುತ್ತದೋ ಇಲ್ಲವೋ ಎಂದು ತೂಗಿ ನೋಡುವುದು ಅವರಿಗೆ ಬಿಟ್ಟದ್ದು.

ಮಾಲಿನ ಅಸಲಿತನದ ವಿಚಾರದಲ್ಲಿ ಪ್ರಯೋಗಾಲಯದ ವರದಿ ಲಗತ್ತಿಸುವುದು ಸುಲಭ. ವರದಿ ಯಾವ ರಾಶಿಯದು, ಬಂದ ಲಾರಿ ಯಾವ ರಾಶಿಯದು ಎಂದು ಯಾರು ನೋಡಿದವರು? ಅದಕ್ಕೇ ವರದಿಯ ಜೊತೆಗೆ, ಗೋದಾಮಿನ ಬಾಗಿಲಲ್ಲೇ ಮಾಡಬಹುದಾದ ಪರೀಕ್ಷೆಗಳನ್ನು ಬರೆದೆ. ಜಿಪ್ಸಂನಲ್ಲಿ ಮೋಸ ಆಗುವುದು ಎರಡು ದಾರಿಯಲ್ಲಿ. ಒಂದು, ಸುಣ್ಣಕಲ್ಲಿನ ಪುಡಿ ಬೆರೆಸುವುದು. ನೋಡಲು ಎರಡೂ ಬೂದು ಬಿಳುಪು. ಸುಣ್ಣಕಲ್ಲಿನಲ್ಲೂ ಕ್ಯಾಲ್ಸಿಯಂ ಇದೆ, ಆದರೆ ಆಮ್ಲೀಯವಲ್ಲದ ಮಣ್ಣಿನಲ್ಲಿ ಅದು ಕರಗುವುದೇ ಕಷ್ಟ, ಕಾಯಿಗೆ ಹೊತ್ತಿಗೆ ಸರಿಯಾಗಿ ಸಿಗುವುದಿಲ್ಲ. ಒಂದು ಚಮಚ ಪುಡಿಯ ಮೇಲೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಹೈಡ್ರೋಕ್ಲೋರಿಕ್ ಆಮ್ಲದ ಕೆಲವು ಹನಿ ಬಿಟ್ಟರೆ ಸುಣ್ಣಕಲ್ಲು ಬುಸುಬುಸು ನೊರೆಗಟ್ಟುತ್ತದೆ, ಜಿಪ್ಸಂ ಸುಮ್ಮನಿರುತ್ತದೆ.

ಎರಡನೆಯದು ನೀರು. ಕಾರ್ಖಾನೆಯ ರಾಶಿಯಿಂದ ಎತ್ತಿದ ಜಿಪ್ಸಂ ತೇವವಾಗಿರುತ್ತದೆ. ಒಣಗಿಸದೆ ತುಂಬಿದರೆ 50 ಕೆಜಿ ಚೀಲದಲ್ಲಿ ಏಳೆಂಟು ಕೆಜಿ ನೀರಿಗೇ ರೈತರು ದುಡ್ಡು ಕೊಟ್ಟಂತೆ. ಇದನ್ನು ತಿಳಿಯಲು ಒಂದು ಕೆಜಿ ತೂಗಿ, ಕಾಗದದ ಮೇಲೆ ತೆಳ್ಳಗೆ ಹರವಿ, ಒಂದು ಇಡೀ ದಿನ ಬಿಸಿಲಿಗಿಟ್ಟು ಮತ್ತೆ ತೂಗಬೇಕು. ಬಾಣಲೆಯಲ್ಲಿ ಹುರಿದು ಒಣಗಿಸಬಾರದು. ಜಿಪ್ಸಂನ ಹರಳಿನೊಳಗೇ ನೂರಕ್ಕೆ 21 ಪಾಲಿನಷ್ಟು ನೀರು ಕಟ್ಟಿಕೊಂಡಿರುತ್ತದೆ. ಒಲೆಯ ಕಾವಿಗೆ ಅದೂ ಹೊರಟು ಪ್ಲಾಸ್ಟರ್ ಆಫ್ ಪ್ಯಾರಿಸ್ ಆಗುತ್ತಾ ಹೋಗುತ್ತದೆ, ಒಳ್ಳೆಯ ಮಾಲು ಕೂಡ ಕೆಟ್ಟದ್ದಾಗಿ ಕಾಣುತ್ತದೆ. ಒಂದು ಕಡೆ ಹೀಗೆ ಹುರಿದು ತೂಗಿ ಜಗಳವಾದದ್ದನ್ನು ನಾನು ಕಂಡಿದ್ದೆ. ಬಿಸಿಲಿನಲ್ಲಿ ಕೆಜಿಗೆ 80 ಗ್ರಾಮಿಗಿಂತ ಹೆಚ್ಚು ಇಳಿದರೆ ಆ ಇಳಿತದಷ್ಟು ದರದಲ್ಲಿ ಕಡಿತ, ಆಮ್ಲಕ್ಕೆ ನೊರೆ ಬಂದರೆ ಲಾರಿ ನಮ್ಮ ಖರ್ಚಿನಲ್ಲಿ ವಾಪಸ್ಸು ಎಂದು ಪತ್ರದಲ್ಲಿ ಒಪ್ಪಿಕೊಂಡೆವು.

ಇನ್ನು ಮಳೆ. ಜಿಪ್ಸಂನ ಒಂದು ಅನುಕೂಲವನ್ನು ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ: ಅದನ್ನು ಬಿತ್ತುವ ಮೊದಲೇ ಕೊಳ್ಳಬೇಕಾಗಿಲ್ಲ. ಬಿತ್ತಿ 30ರಿಂದ 35 ದಿನಕ್ಕೆ, ಹೂವು ಬಂದು ಸೂಜಿ ಇಳಿಯುವ ಹೊತ್ತಿಗೆ, ಸಾಲಿನ ಬುಡಕ್ಕೆ ಎರಚಿ ಎಡೆಕುಂಟೆ ಹೊಡೆದು ಮಣ್ಣು ಏರಿಸಿದರೆ ಕಾಯಿ ಕಟ್ಟುವ ಜಾಗದಲ್ಲೇ ಅದು ಇರುತ್ತದೆ. ಸೂಜಿ ಮಣ್ಣು ಹೊಕ್ಕ ಮೇಲೆ ಎಡೆ ಹೊಡೆಯುವಂತಿಲ್ಲ, ಸೂಜಿ ಕಿತ್ತುಬರುತ್ತದೆ. ಹಾಗಾಗಿ ಇರುವುದು ಒಂದು ವಾರದ ಅವಕಾಶ, ಆದರೆ ಅದು ಬಿತ್ತನೆಯಾದ ಮೇಲೆ ಬರುವ ವಾರ. ಬೀಜಕ್ಕೆ, ಉಳುಮೆಗೆ ದುಡ್ಡು ಸುರಿದು ಕೂತ ದಿನಗಳಲ್ಲಿ ಈ ಹೊರೆಯೂ ಬೇಡ ಎಂದು ಪತ್ರದಲ್ಲಿ ಹೀಗೆ ಬರೆದೆ:

"ಈಗ ಠರಾವು ಮಾಡಿ ಬೇಡಿಕೆ ತಿಳಿಸಿದರೆ ಸಾಕು, ಮುಂಗಡ ಬೇಡ. ಬಿತ್ತನೆ ಮುಗಿದ ದಿನ ಫೋನ್ ಮಾಡಿ. ಅಲ್ಲಿಂದ ಹತ್ತು ದಿನದೊಳಗೆ ಲಾರಿ ತಲುಪುತ್ತದೆ. ಅರ್ಧ ಹಣ ಲಾರಿ ಇಳಿದ ದಿನ, ಉಳಿದದ್ದು ಮೂವತ್ತು ದಿನಕ್ಕೆ. ಬಿತ್ತನೆಯೇ ಆಗದಿದ್ದರೆ ಬೇಡಿಕೆ ರದ್ದು, ತಾವು ಏನೂ ಕೊಡಬೇಕಾಗಿಲ್ಲ. ಬಾಯಿ ಬಿಚ್ಚದ ಚೀಲಗಳನ್ನು ಸೆಪ್ಟೆಂಬರ್ 15ರವರೆಗೆ ವಾಪಸ್ಸು ತೆಗೆದುಕೊಳ್ಳುತ್ತೇವೆ. ವಾಪಸ್ಸು ಬಾಡಿಗೆ ಅರ್ಧ ತಮ್ಮದು, ಅರ್ಧ ನಮ್ಮದು."

ಕೊನೆಯ ಎರಡು ವಾಕ್ಯಗಳಿಗೆ ಮಾಲೀಕರನ್ನು ಒಪ್ಪಿಸಲು ಬಹಳ ಮಾತಾಡಬೇಕಾಯಿತು. ಜಿಪ್ಸಂ ಬೀಜದಂತೆ ಮೊಳಕೆ ಕಳೆದುಕೊಳ್ಳುವುದಿಲ್ಲ, ಜೀವಾಣು ಗೊಬ್ಬರದಂತೆ ಅವಧಿ ಮುಗಿಯುವುದಿಲ್ಲ, ಹಲಗೆಯ ಮೇಲೆ ಒಣಗಿದ ಕಡೆ ಜೋಡಿಸಿಟ್ಟರೆ ಮುಂದಿನ ವರ್ಷಕ್ಕೂ ಬರುತ್ತದೆ ಎಂಬುದು ನನ್ನ ವಾದ. ಹಿರಿಯೂರು ಕಡೆಯ ಚೌಳು ಜಮೀನಿನವರು ಭೂಮಿ ಸುಧಾರಣೆಗೆಂದು ಅದನ್ನು ಯಾವಾಗಲೂ ಕೇಳುತ್ತಿರುತ್ತಾರೆ ಎಂಬುದು ಎರಡನೆಯ ವಾದ. ಎರಡನೆಯದಕ್ಕೆ ಅವರು ಒಪ್ಪಿದರು.

ಪತ್ರ "ಮಾನ್ಯ ಅಧ್ಯಕ್ಷರು ಮತ್ತು ನಿರ್ದೇಶಕರ ಸನ್ನಿಧಿಗೆ" ಎಂದು ಶುರುವಾಗಿ ಒಂದೂವರೆ ಪುಟಕ್ಕೆ ಮುಗಿದಿತ್ತು. ಇಮೇಲಿನ ವಿಷಯದ ಸಾಲಿನಲ್ಲಿ "ಮುಂಗಾರು ಶೇಂಗಾಕ್ಕೆ ಜಿಪ್ಸಂ, ಗೋದಾಮು ತಲುಪಿ ಚೀಲ 186 ರೂಪಾಯಿ" ಎಂದಷ್ಟೇ ಬರೆದಿದ್ದೆ. ಸಿಇಒ ಅದನ್ನು ಸಭೆಯಲ್ಲಿ ಎರಡು ಸಲ ಓದಿದರಂತೆ. ಒಂದು ಲಾರಿಗೆ ಠರಾವಾಯಿತು. ಉತ್ತರದಲ್ಲಿ ಅವರು ಒಂದೇ ತಿದ್ದುಪಡಿ ಕೇಳಿದ್ದರು: ತೂಕ ಮತ್ತು ಆಮ್ಲದ ಪರೀಕ್ಷೆಗೆ ಲಾರಿಯ ಮೇಲಿನ ಸಾಲಿನಿಂದಲ್ಲ, ಯಾವ ಸಾಲಿನಿಂದ ಬೇಕಾದರೂ ಚೀಲ ಆರಿಸುವ ಹಕ್ಕು ತಮಗಿರಬೇಕು. ನ್ಯಾಯವಾದ ಮಾತು, ಸೇರಿಸಿದೆ.

ಆ ವರ್ಷ ಏನಾಯಿತು ಎಂಬುದು ಕರ್ನಾಟಕದ ರೈತರಿಗೆಲ್ಲ ನೆನಪಿದೆ. ಮೃಗಶಿರ ಬರಲಿಲ್ಲ, ಆರಿದ್ರಾ ಹನಿಸಿ ಹೋಯಿತು. ಬಿತ್ತನೆ ಆದದ್ದು ಪುನರ್ವಸುವಿನಲ್ಲಿ, ಅದೂ ಅರ್ಧ ಹೊಲಗಳಲ್ಲಿ. ಲಾರಿ ಜುಲೈ ಕೊನೆಗೆ ಹೋಯಿತು. ತೂಕ ಸರಿಬಂತು, ಕೆಜಿಗೆ ಇಳಿದದ್ದು 60 ಗ್ರಾಂ. ಆಗಸ್ಟ್ ಪೂರ್ತಿ ಒಣಗಿತು. ಸೂಜಿ ಇಳಿಯುವ ಹೊತ್ತಿಗೆ ನೆಲ ಗಟ್ಟಿಯಾಗಿತ್ತು. ಜಿಪ್ಸಂ ಲೀಟರ್ ನೀರಿಗೆ ಎರಡೂವರೆ ಗ್ರಾಮಿನಷ್ಟೂ ಕರಗುವುದಿಲ್ಲ. ಹಸಿ ಇಲ್ಲದ ಮಣ್ಣಿನಲ್ಲಿ ಅದು ಹಾಕಿದಂತೆಯೇ ಪುಡಿಯಾಗಿ ಬಿದ್ದಿರುತ್ತದೆ. "ಈಗ ಎರಚಲಾ ಸಾರ್?" ಎಂದು ಫೋನ್ ಮಾಡಿದ ರೈತರಿಗೆ ಮಳೆ ಬೀಳುವವರೆಗೆ ಚೀಲ ಬಿಚ್ಚಬೇಡಿ ಎಂದೇ ಹೇಳಿದೆ. ಸೆಪ್ಟೆಂಬರ್‌ನಲ್ಲಿ ಸರ್ಕಾರ ಬರಪೀಡಿತ ತಾಲ್ಲೂಕುಗಳ ಪಟ್ಟಿ ಹೊರಡಿಸುವ ಹೊತ್ತಿಗೆ 118 ಚೀಲ ಗೋದಾಮಿನಲ್ಲಿ ಬಾಯಿ ಬಿಚ್ಚದೆ ಇದ್ದವು. ಪತ್ರದಲ್ಲಿ ಬರೆದಂತೆ ವಾಪಸ್ಸು ತಂದೆವು, ಹಿರಿಯೂರಿನ ಕಡೆ ಕೊಟ್ಟೆವು. ಬಾಕಿ ಹಣದಲ್ಲಿ ಆ ಚೀಲಗಳ ಮೊತ್ತ ಕಳೆದು ಹೊಸ ಬಿಲ್ಲು ಕಳಿಸಿದೆ. ಸಂಸ್ಥೆಯ ಷೇರು ಹಣಕ್ಕೆ ಅರ್ಧ ಬಾಡಿಗೆ ಬಿಟ್ಟರೆ ಹೆಚ್ಚಿನ ಪೆಟ್ಟು ಬೀಳಲಿಲ್ಲ. ಮಳೆಯ ವಿಷಯ ಬರೆಯದೆ ಮಾರಿದ್ದರೆ ಆ ಹೆಣ್ಣುಮಗಳು ನಿರ್ದೇಶಕರ ಮುಂದೆ ಏನು ಹೇಳಬೇಕಾಗುತ್ತಿತ್ತು ಎಂದು ನೆನೆದರೆ ಈಗಲೂ ಕಳವಳವಾಗುತ್ತದೆ.

ಬೆಳೆ ಹೋದರೂ ಒಂದು ಕೆಲಸ ಆಯಿತು. ಹಾಕಿದವರೆಲ್ಲ ಹೊಲದಲ್ಲಿ ನಾಲ್ಕು ಸಾಲು ಜಿಪ್ಸಂ ಇಲ್ಲದೆ ಬಿಡಬೇಕು, ಕಿತ್ತಾಗ ಎರಡೂ ಕಡೆಯಿಂದ ನೂರು ನೂರು ಕಾಯಿ ಒಡೆದು ಜೊಳ್ಳು ಎಣಿಸಬೇಕು ಎಂದು ಪತ್ರದಲ್ಲೇ ಕೇಳಿಕೊಂಡಿದ್ದೆ. ಸಿಇಒ ಅದನ್ನು ಬಿಡದೆ ಮಾಡಿಸಿದರು. ಬರೀ ಮಳೆ ನಂಬಿದ ಹೊಲದಲ್ಲಿ ಜಿಪ್ಸಂ ಇದ್ದ ಕಡೆ ನೂರಕ್ಕೆ 31, ಇಲ್ಲದ ಕಡೆ 30 ಜೊಳ್ಳು. ಅಲ್ಲಿ ಜೊಳ್ಳಿಗೆ ಬರವೇ ಕಾರಣ, ಜಿಪ್ಸಂ ಏನೂ ಮಾಡಲಿಲ್ಲ. ಬೋರಿನಿಂದ ಎರಡು ನೀರು ಕೊಟ್ಟ, ವರ್ಷಗಟ್ಟಲೆ ಡಿಎಪಿ ಹಾಕುತ್ತಿದ್ದ ಕೆಂಪು ಹೊಲದಲ್ಲಿ ಹಾಕಿದ ಕಡೆ 9, ಹಾಕದ ಕಡೆ 23. ಸೂಪರ್ ಫಾಸ್ಫೇಟ್ ಬಿಡದೆ ಹಾಕುತ್ತಿದ್ದ ಹಿರಿಯರೊಬ್ಬರ ಹೊಲದಲ್ಲಿ, ಅಲ್ಲೂ ಬೋರಿನ ನೀರಿತ್ತು, 8 ಮತ್ತು 11. ಮೂರು ಹೊಲದಿಂದ ದೊಡ್ಡ ತೀರ್ಮಾನ ಮಾಡಲಾಗದು. ಆದರೆ ನಿರ್ದೇಶಕರ ಮುಂದೆ ಇಡಲು ಅವರದೇ ಊರಿನ ಎಣಿಕೆ ಇತ್ತು.

ಮರುವರ್ಷ ನಾನು ಪತ್ರ ಬರೆಯುವ ಮೊದಲೇ ಅವರ ಇಮೇಲ್ ಬಂತು. "ಕಳೆದ ಸಲದ ಷರತ್ತುಗಳೇ ಇರಲಿ. ಕೆಂಪು ಜಮೀನು, ಡಿಎಪಿ ಹಾಕುವ ಸದಸ್ಯರದಷ್ಟೇ ಪಟ್ಟಿ ಮಾಡಿದ್ದೇವೆ, 260 ಚೀಲ. ಉಳಿದ 60 ಪಕ್ಕದ ಸಂಸ್ಥೆ ತೆಗೆದುಕೊಳ್ಳುತ್ತದೆ, ಅವರ ಠರಾವು ಲಗತ್ತಿಸಿದೆ. ಎರೆ ಜಮೀನಿನ ಊರನ್ನು ಕೈಬಿಟ್ಟಿದ್ದೇವೆ. ಈ ಸಲ ಬಾಡಿಗೆ ಎಷ್ಟು ತಿಳಿಸಿ." ಬಾಡಿಗೆ ಚೀಲಕ್ಕೆ ಮೂರು ರೂಪಾಯಿ ಏರಿತ್ತು. ಅದನ್ನು ಸೇರಿಸಿ ಗೋದಾಮು ತಲುಪುವ ದರ 189 ಎಂದು ಅಂದೇ ಉತ್ತರ ಕಳಿಸಿದೆ.